ಸೊನ್ನೆ ಕೊನೆಗೆ ಬಂದರೆ ಒಂದು ಲೆಕ್ಕ, ಬರದಿದ್ದರೆ ಇನ್ನೊಂದು

ಮೊಬೈಲಿನಲ್ಲಿ ಫೋಟೋ ಹಿಡಿದು ಕಳಿಸಿದ ಪುಟವೊಂದಿದೆ ಎಂದುಕೊಳ್ಳಿ. ಕ್ರಮಯೋಜನೆಯ ಅಭ್ಯಾಸದ ಪುಟ, ಬಲ ಅಂಚು ತುಸು ಮಡಚಿದೆ. ಪ್ರಶ್ನೆ ಇಷ್ಟು: 0, 1, 2, 3, 4, 5 ಎಂಬ ಅಂಕಿಗಳನ್ನು ಬಳಸಿ ನಾಲ್ಕು ಅಂಕಿಗಳ ಎಷ್ಟು ಸಮಸಂಖ್ಯೆಗಳನ್ನು ಬರೆಯಬಹುದು? ಮಡಿಕೆಯಲ್ಲಿ ಇನ್ನೂ ನಾಲ್ಕಾರು ಅಕ್ಷರಗಳು ಅರ್ಧ ಕಾಣುತ್ತವೆ. ಅದು ‘ಒಂದು ಅಂಕಿಯನ್ನು ಒಂದೇ ಸಲ ಬಳಸಬೇಕು’ ಎಂಬ ಸಾಲಿರಬಹುದು, ಇಲ್ಲದೆಯೂ ಇರಬಹುದು. ಲೆಕ್ಕಕ್ಕೆ ಕೈಹಾಕುವ ಮೊದಲು ಇನ್ನೊಂದು ಫೋಟೋ ತರಿಸಿಕೊಳ್ಳುವುದೇ ಲೇಸು. ಆ ಅರ್ಧ ಸಾಲು ಉತ್ತರವನ್ನು ಮಾತ್ರವಲ್ಲ, ಲೆಕ್ಕ ಮಾಡುವ ದಾರಿಯನ್ನೇ ಬದಲಿಸುತ್ತದೆ.

ಆ ಸಾಲು ಇಲ್ಲವೆನ್ನೋಣ. ಆಗ ಒಂದೇ ಅಂಕಿಯನ್ನು ಎಷ್ಟು ಸಲವಾದರೂ ಬಳಸಬಹುದು. ಸಾವಿರದ ಸ್ಥಾನಕ್ಕೆ 0 ಬರುವಂತಿಲ್ಲ. 0125 ನಾಲ್ಕಂಕಿಯ ಸಂಖ್ಯೆಯಲ್ಲ. ಹಾಗಾಗಿ ಅಲ್ಲಿಗೆ 5 ಆಯ್ಕೆ. ಬಿಡಿ ಸ್ಥಾನಕ್ಕೆ 0, 2, 4 ಎಂಬ 3 ಆಯ್ಕೆ. ನಡುವಿನ ನೂರು ಮತ್ತು ಹತ್ತರ ಸ್ಥಾನಗಳಿಗೆ ಆರಾರು. 5 × 6 × 6 × 3 = 540. ಒಂದೇ ಗುಣಾಕಾರದಲ್ಲಿ ಮುಗಿಯಿತು, ಪ್ರಕರಣಗಳ ಗೊಡವೆಯೇ ಇಲ್ಲ. ಬಿಡಿ ಸ್ಥಾನದಲ್ಲಿ ಏನೇ ಕೂತರೂ ಸಾವಿರದ ಸ್ಥಾನದ ಆಯ್ಕೆಗಳು ಐದೇ ಆಗಿ ಉಳಿಯುತ್ತವೆ. ಗುಣಾಕಾರ ನಿಂತಿರುವುದು ಇದೊಂದರ ಮೇಲೆ.

ಈಗ ಆ ಸಾಲು ಇದೆ ಎನ್ನೋಣ, ಅಂಕಿ ಮರುಕಳಿಸಬಾರದು. ಸಾವಿರದ ಸ್ಥಾನದಿಂದ ತುಂಬಲು ಹೊರಟವರು ಹೀಗೆ ಬರೆಯುವುದುಂಟು: ಮೊದಲಿಗೆ 5 ಆಯ್ಕೆ, ಕೊನೆಗೆ 3, ಉಳಿದ ನಾಲ್ಕು ಅಂಕಿಗಳಿಂದ ನಡುವಿನ ಎರಡು ಸ್ಥಾನಕ್ಕೆ 4 × 3. ಒಟ್ಟು 180. ಇನ್ನು ಕೆಲವರು ಬಿಡಿ ಸ್ಥಾನದಿಂದ ಶುರುಮಾಡುತ್ತಾರೆ: ಕೊನೆಗೆ 3 ಆಯ್ಕೆ, ಮೊದಲಿಗೆ ಸೊನ್ನೆಯನ್ನೂ ಕೊನೆಯಲ್ಲಿ ಬಳಸಿದ ಅಂಕಿಯನ್ನೂ ಬಿಟ್ಟು 4, ನಡುವೆ 4 × 3. ಒಟ್ಟು 144. ಎರಡೂ ನೋಡಲು ಸರಿಯಾಗಿಯೇ ಇವೆ, ಎರಡೂ ತಪ್ಪು. ತಪ್ಪು ಎಲ್ಲಿ ನುಸುಳಿತು ಎಂಬುದನ್ನು ಎಣಿಸಿಯೇ ತೋರಿಸಬಹುದು.

180ರಲ್ಲಿ ಮೊದಲ ಮತ್ತು ಕೊನೆಯ ಅಂಕಿಗಳ ಜೋಡಿಗಳು 5 × 3 = 15. ಇವುಗಳಲ್ಲಿ ಮೊದಲೂ 2 ಕೊನೆಯೂ 2, ಮೊದಲೂ 4 ಕೊನೆಯೂ 4 ಎಂಬ ಎರಡು ಜೋಡಿಗಳು ಸದ್ದಿಲ್ಲದೆ ಒಳಸೇರಿವೆ. ಪ್ರತಿ ಜೋಡಿಗೂ ನಡುವೆ 12 ಜೋಡಣೆ ಎಂದು ಹಿಡಿದದ್ದರಿಂದ 24 ಹೆಚ್ಚಾಯಿತು. 144ರ ತೊಂದರೆ ತಿರುವುಮುರುವು. ಅಲ್ಲಿ ‘ಸೊನ್ನೆ’ ಮತ್ತು ‘ಕೊನೆಯಲ್ಲಿ ಬಳಸಿದ ಅಂಕಿ’ ಎಂದು ಎರಡನ್ನು ಕಳೆದೆವು. ಕೊನೆಯಲ್ಲಿ ಬಳಸಿದ್ದೇ ಸೊನ್ನೆಯಾದರೆ? ಆಗ ಕಳೆಯಬೇಕಾದದ್ದು ಒಂದನ್ನೇ, ಮೊದಲಿಗೆ 5 ಆಯ್ಕೆ ಉಳಿಯುತ್ತದೆ. ಆ ಒಂದು ಆಯ್ಕೆಗೆ ಸೇರಿದ 12 ಸಂಖ್ಯೆಗಳು ಕೈಬಿಟ್ಟುಹೋದವು.

ಪ್ರಕರಣ ಒಡೆಯಬೇಕಾದದ್ದು ಇಲ್ಲೇ. ‘ಮೊದಲ ಸ್ಥಾನಕ್ಕೆ ಎಷ್ಟು ಆಯ್ಕೆ?’ ಎಂದು ಕೇಳಿದರೆ ಒಂದೇ ಉತ್ತರ ಸಿಗುತ್ತಿಲ್ಲ; ‘ಕೊನೆಯಲ್ಲಿ ಏನಿದೆ ಹೇಳಿ, ಆಮೇಲೆ ಹೇಳುತ್ತೇನೆ’ ಎನ್ನಬೇಕಾಗುತ್ತದೆ. ಕೊನೆಯಲ್ಲಿ 0 ಇದ್ದರೆ ಮೊದಲಿಗೆ 5 ಆಯ್ಕೆ, ನಡುವೆ 4 × 3, ಒಟ್ಟು 60. ಕೊನೆಯಲ್ಲಿ 2 ಅಥವಾ 4 ಇದ್ದರೆ ಮೊದಲಿಗೆ 4, ನಡುವೆ 4 × 3, ಕೊನೆಗೆ 2 ಆಯ್ಕೆ, ಒಟ್ಟು 96. ಯಾವ ಸಂಖ್ಯೆಯೂ ಸೊನ್ನೆಯಲ್ಲೂ ಎರಡರಲ್ಲೂ ಒಟ್ಟಿಗೆ ಕೊನೆಗೊಳ್ಳಲಾರದು. 0, 2, 4 ಬಿಟ್ಟು ಬೇರೆ ಅಂಕಿಯಲ್ಲಿ ಕೊನೆಗೊಳ್ಳುವ ಸಮಸಂಖ್ಯೆಯೂ ಇಲ್ಲಿಲ್ಲ. ಆದ್ದರಿಂದ ಧೈರ್ಯವಾಗಿ ಕೂಡಿಸಬಹುದು: 60 + 96 = 156. 180ರಿಂದ 24 ಕಳೆದರೂ, 144ಕ್ಕೆ 12 ಸೇರಿಸಿದರೂ ಬರುವುದು ಇದೇ. 2 ಮತ್ತು 4ನ್ನು ಬೇರೆ ಮಾಡದೆ ಒಂದೇ ಪ್ರಕರಣದಲ್ಲಿ ಇಟ್ಟದ್ದನ್ನೂ ಗಮನಿಸಿ. ಎರಡಕ್ಕೂ ಮುಂದಿನ ಎಣಿಕೆ ಒಂದೇ ಆಗಿರುವಾಗ ಒಡೆಯುವುದು ಬರಿಯ ಬರವಣಿಗೆ.

ನಂಬಿಕೆ ಬಾರದವರು ಕಿರಿದು ಮಾಡಿ ನೋಡಬಹುದು. 0, 1, 2 ಬಳಸಿ, ಮರುಕಳಿಸದೆ, ಎರಡಂಕಿಯ ಸಮಸಂಖ್ಯೆಗಳು: 10, 20, 12. ಮೂರೇ. ಮೊದಲ ತಪ್ಪು ದಾರಿ ಹಿಡಿದರೆ 2 × 2 = 4 ಬರುತ್ತದೆ, ಅದರಲ್ಲಿ 22 ಸೇರಿಕೊಂಡಿದೆ. ಎರಡನೆಯದರಲ್ಲಿ 2 × 1 = 2 ಬಂದು ಒಂದು ತಪ್ಪಿಹೋಗುತ್ತದೆ. ಬೆರಳಲ್ಲಿ ಎಣಿಸುವಷ್ಟು ಚಿಕ್ಕ ಲೆಕ್ಕದಲ್ಲಿ ಸೂತ್ರವನ್ನು ಪರೀಕ್ಷಿಸುವ ಈ ಅಭ್ಯಾಸ ಮೇಷ್ಟರ ಉತ್ತರಪತ್ರಿಕೆಗಿಂತ ಬೇಗ ಸತ್ಯ ಹೇಳುತ್ತದೆ.

ಈ ಗೊಂದಲಕ್ಕೆಲ್ಲ ಸೊನ್ನೆಯೇ ಕಾರಣ ಎಂಬುದು ಇಷ್ಟರಲ್ಲಿ ಕಂಡಿರಬೇಕು. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಅಂಕಪಾಶ ಎಂಬ ಭಾಗದಲ್ಲಿ ಇಂಥ ಅಂಕಿಜೋಡಣೆಗಳನ್ನೇ ಎಣಿಸುತ್ತಾರೆ. ಅಲ್ಲಿಯ ಮೊದಲ ಪ್ರಶ್ನೆಗೆ ಕೊಟ್ಟ ಅಂಕಿಗಳು 2 ಮತ್ತು 8; 3, 9 ಮತ್ತು 8; ಹಾಗೂ 2ರಿಂದ 9ರವರೆಗಿನವು. ಯಾವುದರಲ್ಲೂ ಸೊನ್ನೆಯಿಲ್ಲ, ಹಾಗಾಗಿ ಗುಣಿಸುತ್ತಾ ಹೋದರೆ ಸಾಕು.

ಬೇರ್ಪಡಿಸುವುದರಲ್ಲೂ ಎಡವಬಹುದು. ಸೊನ್ನೆಯೇ ಗಲಾಟೆ ಮಾಡುತ್ತದೆಂದು ತಿಳಿದ ಒಬ್ಬ ವಿದ್ಯಾರ್ಥಿ ಹೀಗೆ ಮೂರು ಪ್ರಕರಣ ಮಾಡಿದ ಎನ್ನೋಣ: ಸೊನ್ನೆ ಇರುವ ಸಂಖ್ಯೆಗಳು, 2ರಲ್ಲಿ ಕೊನೆಯಾಗುವವು, 4ರಲ್ಲಿ ಕೊನೆಯಾಗುವವು. ಮೊದಲನೆಯದರಲ್ಲಿ ಸೊನ್ನೆ ಕೊನೆಗಿರುವ 60 ಬರುತ್ತವೆ. ಸೊನ್ನೆ ನೂರರ ಅಥವಾ ಹತ್ತರ ಸ್ಥಾನದಲ್ಲಿದ್ದರೆ ಅದಕ್ಕೆ 2 ಜಾಗ, ಕೊನೆಗೆ 2 ಆಯ್ಕೆ, ಉಳಿದ ಎರಡು ಸ್ಥಾನಕ್ಕೆ 4 × 3, ಅವು 48. ಸೇರಿ 108. ಉಳಿದೆರಡು ಪ್ರಕರಣಗಳು ತಲಾ 48. ಕೂಡಿಸಿದರೆ 204! 3012ನ್ನೇ ನೋಡಿ. ಅದರಲ್ಲಿ ಸೊನ್ನೆಯೂ ಇದೆ, ಅದು 2ರಲ್ಲೂ ಮುಗಿಯುತ್ತದೆ. ಎರಡು ಕಡೆ ಹಾಜರಿ ಹಾಕಿದೆ. ಹೀಗೆ ಎರಡು ಸಲ ಎಣಿಕೆಯಾದವು ಸೊನ್ನೆ ನಡುವೆ ಇರುವ ಆ 48. ಅವನ್ನು ಕಳೆದರೆ ಮತ್ತೆ 156. ಅವನ ಮೊದಲ ಗುಂಪು ‘ಸೊನ್ನೆ ಇದೆಯೇ’ ಎಂಬ ಪ್ರಶ್ನೆಯಿಂದ ಹುಟ್ಟಿತು, ಉಳಿದೆರಡು ‘ಕೊನೆಯಲ್ಲಿ ಯಾವ ಅಂಕಿ’ ಎಂಬುದರಿಂದ. ಎರಡು ಪ್ರಶ್ನೆಗಳ ಉತ್ತರಗಳನ್ನು ಒಂದೇ ಪಟ್ಟಿಗೆ ಹಾಕಿದರೆ ಒಂದರ ಮೇಲೊಂದು ಬೀಳದೆ ಇರುವುದು ಅಪರೂಪ. ಬರೀ ಸೊನ್ನೆಯ ಪ್ರಶ್ನೆಯನ್ನೇ ಕೊನೆತನಕ ಹಿಡಿದಿದ್ದರೆ ಅವನೂ ಗೆಲ್ಲುತ್ತಿದ್ದ: ಸೊನ್ನೆ ಇರುವವು 108, ಇಲ್ಲದವು 2 × 4 × 3 × 2 = 48.

ಅದೇ ಪುಟದ ಮುಂದಿನ ಪ್ರಶ್ನೆ ಒಂದು ನಿರ್ಬಂಧ ಹೆಚ್ಚಿಸುತ್ತದೆ: ಸಂಖ್ಯೆ 3000ಕ್ಕಿಂತ ದೊಡ್ಡದಿರಬೇಕು. ಹಿಂದಿನ ಪ್ರಕರಣಗಳನ್ನೇ ಇಲ್ಲಿಗೂ ಎಳೆದು ತಂದರೆ ದಾರಿ ತಪ್ಪುತ್ತದೆ. ಸಾವಿರದ ಸ್ಥಾನಕ್ಕೆ ಈಗ ಬರಬಹುದಾದವು 3, 4, 5 ಮಾತ್ರ. ಕೊನೆಯಲ್ಲಿ 0 ಇದ್ದರೂ 2 ಇದ್ದರೂ ಈ ಮೂರರಲ್ಲಿ ಯಾವುದೂ ಖರ್ಚಾಗುವುದಿಲ್ಲ, ಆದ್ದರಿಂದ ಅವೆರಡೂ ಈಗ ಒಂದೇ ಪ್ರಕರಣ: 2 × 3 × 12 = 72. ಕೊನೆಯಲ್ಲಿ 4 ಇದ್ದರೆ ಮೊದಲಿಗೆ 3 ಮತ್ತು 5 ಮಾತ್ರ: 2 × 12 = 24. ಒಟ್ಟು 96. ಹಿಂದಿನ ಲೆಕ್ಕದಲ್ಲಿ 2ರ ಜೊತೆ ಕೂತಿದ್ದ 4 ಇಲ್ಲಿ ಒಂಟಿಯಾಗಿದೆ, ಅಲ್ಲಿ ಒಂಟಿಯಾಗಿದ್ದ 0 ಬಂದು 2ರ ಜೊತೆ ಸೇರಿದೆ.