ಸಿಮೆಂಟಿನ ನಾಡಲ್ಲಿ ಕಡಿಮೆ ಬೀಳ್ತಿರೋದು ರಿಂಗ್

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮನೆಯೊಳಗೆ ಮಲಗಲು ಹೆದರಿ ರಾತ್ರಿಗಳನ್ನು ಬಯಲಲ್ಲಿ ಕಳೆದರು. ನೆಲದೊಳಗಿಂದ ಸದ್ದು, ಹಿಂದೆಯೇ ನಡುಕ. ಅವುಗಳಲ್ಲಿ ದೊಡ್ಡದರ ತೀವ್ರತೆ 4ರ ಆಸುಪಾಸು. ಕಲ್ಲು ಮಣ್ಣಿನ ಗೋಡೆ ನಂಬೋದು ಹೇಗೆ, ಆರ್‌ಸಿಸಿ ಮನೆಯೇ ಗತಿ ಅಂತ ಯಾರಿಗಾದರೂ ಅನ್ನಿಸುವುದು ಸಹಜ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಗಡಿಯಾಚೆಯ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತದ್ದು ದಪ್ಪ ಕಲ್ಲಿನ ಗೋಡೆಗಳಡಿಯಲ್ಲೇ.

ಆದರೆ ಆರ್‌ಸಿಸಿ ಅಂದಾಕ್ಷಣ ಭದ್ರ ಅನ್ನೋದು ತಪ್ಪು. 2001ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹೊಸ ಅಪಾರ್ಟ್‌ಮೆಂಟ್‌ಗಳು ಕುಸಿದವು. ಅವೂ ಪಿಲ್ಲರ್, ಬೀಮ್, ಸ್ಲ್ಯಾಬ್‌ನ ಕಟ್ಟಡಗಳೇ. ಕೆಳಗೆ ಪಾರ್ಕಿಂಗ್‌ಗೆ ಅಂತ ಗೋಡೆ ಇಲ್ಲದೆ ಬಿಟ್ಟ ಮಹಡಿ ಒಂದು ಕಾರಣ. ಇನ್ನೊಂದು, ಪಿಲ್ಲರ್‌ಗಳಲ್ಲಿ ವಿರಳವಾಗಿ ಕಟ್ಟಿದ ರಿಂಗ್. ಉದ್ದದ ರಾಡುಗಳನ್ನು ಸುತ್ತುವರಿಯುವ 8 ಎಂಎಂ ಚೌಕ ಸರಳು ಇದೆಯಲ್ಲ, ಅದೇ ರಿಂಗ್. ವಾಡಿ, ಸೇಡಂ, ಮಳಖೇಡದ ಫ್ಯಾಕ್ಟರಿಗಳ ನೆರಳಲ್ಲಿ ಬದುಕುವ ನಮಗೆ ಸಿಮೆಂಟಿನ ಗ್ರೇಡ್ ಬಾಯಿಪಾಠ. ರಿಂಗ್‌ಗಳ ಅಂತರ ಮಾತ್ರ ಯಾರೂ ಕೇಳಲ್ಲ.

ಎಲ್ಲ ದಿನಗಳಲ್ಲೂ ಕಟ್ಟಡದ ಭಾರ ಕೆಳಮುಖ. ಭೂಕಂಪದಲ್ಲಿ ನೆಲ ಅಡ್ಡಡ್ಡ ಅಲ್ಲಾಡುತ್ತದೆ, ಆಗ ಇಡೀ ಚೌಕಟ್ಟು ಅತ್ತಿತ್ತ ವಾಲುತ್ತದೆ. ಹೀಗೆ ವಾಲಿದಾಗ ಬೀಮ್, ಪಿಲ್ಲರ್‌ಗಳು ಅತಿ ಹೆಚ್ಚು ಬಾಗುವುದು ಅವು ಒಂದಕ್ಕೊಂದು ಕೂಡುವ ತುದಿಗಳಲ್ಲಿ. ಬೀಮಿನ ತುದಿಯಲ್ಲಿ ಈಗ ಮೇಲ್ಭಾಗ ಎಳೆತಕ್ಕೆ, ಕೆಳಭಾಗ ಒತ್ತಡಕ್ಕೆ ಸಿಕ್ಕರೆ, ಅರೆಕ್ಷಣದಲ್ಲಿ ಅದು ತಿರುವುಮುರುವು. ಕೆಲವೇ ಸೆಕೆಂಡುಗಳಲ್ಲಿ ಹೀಗೆ ಹತ್ತಾರು ಸಲ. ಕಾಂಕ್ರೀಟ್ ಎಳೆತ ತಾಳದೆ ಬಿರುಕು ಬಿಡುತ್ತದೆ, ಹೊರಗಿನ ಕವರ್ ಉದುರುತ್ತದೆ. ಇಲ್ಲಿವರೆಗೆ ಆದದ್ದು ತಪ್ಪೇನಲ್ಲ. ದೊಡ್ಡ ಭೂಕಂಪದಲ್ಲಿ ಕಟ್ಟಡ ಹಾಳಾಗಲಿ, ಆದರೆ ಕುಸಿಯದಿರಲಿ ಅನ್ನುವುದೇ ವಿನ್ಯಾಸದ ಲೆಕ್ಕಾಚಾರ. ಮುಂದೇನಾಗುತ್ತೆ ಅನ್ನೋದು ರಿಂಗ್‌ಗಳ ಕೈಲಿ.

ನಮ್ಮ ತೊಗರಿ ಚೀಲವನ್ನೇ ನೋಡಿ. ಚೀಲ ಗಟ್ಟಿ ಇರುವ ತನಕ ಅದರ ಮೇಲೆ ಇನ್ನೂ ನಾಲ್ಕು ಚೀಲ ಪೇರಿಸಬಹುದು. ಚೀಲ ಹರಿದರೆ ಅದೇ ತೊಗರಿ ನೆಲದ ಮೇಲೆ ರಾಶಿ. ಒಡೆದ ಕಾಂಕ್ರೀಟೂ ಹೀಗೆಯೇ. ಒತ್ತೊತ್ತಾದ ರಿಂಗ್‌ಗಳು ಒಳಗಿನ ತಿರುಳನ್ನು ಹಿಡಿದಿಟ್ಟರೆ ಚೂರಾಗಿದ್ದರೂ ಅದು ಭಾರ ಹೊರುತ್ತದೆ. ರಿಂಗ್ ದೂರ ದೂರ ಇದ್ದರೆ ನಡುವಿನ ಸಂದಿಯಿಂದ ತಿರುಳು ಹೊರಚೆಲ್ಲುತ್ತದೆ, ಆಸರೆ ತಪ್ಪಿದ ಉದ್ದದ ರಾಡು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ. ಓರೆಯಾಗಿ ಹರಿಯುವ ಬಿರುಕನ್ನು ಹೊಲಿದ ಹಾಗೆ ತಡೆಯುವುದೂ ರಿಂಗೇ. ಎರಡು ರಿಂಗ್‌ಗಳ ನಡುವಿನಿಂದಲೇ ಬಿರುಕು ದಾಟಿಹೋದರೆ ತಡೆಯೋಕೆ ಅಲ್ಲಿ ಏನೂ ಇರಲ್ಲ.

ಹಾಗಾದರೆ ಎಷ್ಟು ಒತ್ತಾಗಿ? ಇದಕ್ಕೆ ಐಎಸ್ 13920 ಅನ್ನುವ ಸಂಹಿತೆ ಇದೆ. ಅದರ 2016ರ ಆವೃತ್ತಿಯ ಲೆಕ್ಕವನ್ನು ಮನೆಗಳಲ್ಲಿ ಸಾಮಾನ್ಯವಾದ 9×15 ಇಂಚಿನ, ಅಂದರೆ 230×380 ಎಂಎಂ ಬೀಮಿಗೆ ಹಾಕಿ ನೋಡೋಣ. ಕೆಳಗಿನ ರಾಡಿನ ಮಧ್ಯದಿಂದ ಮೇಲಿನ ಅಂಚಿನವರೆಗಿನ ಆಳ ಸುಮಾರು 340 ಎಂಎಂ. ತುದಿಯ ರಿಂಗ್‌ಗಳ ಅಂತರ ಈ ಆಳದ ಕಾಲುಭಾಗ (85), ಅತಿ ಸಣ್ಣ ಉದ್ದ ರಾಡಿನ 8 ಪಟ್ಟು (12 ಎಂಎಂ ರಾಡಾದರೆ 96), ಅಥವಾ 100 ಎಂಎಂ, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಂದರೆ ಇಲ್ಲಿ 85 ಎಂಎಂ. ಪಿಲ್ಲರ್ ಮುಖದಿಂದ ಮೊದಲ ರಿಂಗ್ 50 ಎಂಎಂ ಒಳಗೇ ಇರಬೇಕು, ಈ ಒತ್ತು ಆಳದ ಎರಡು ಪಟ್ಟು, ಅಂದರೆ 680 ಎಂಎಂವರೆಗೆ ಸಾಗಬೇಕು. ನಡುವೆ ಬೇಕಾದರೆ 170ರವರೆಗೆ ಬಿಡಿಸಬಹುದು. ಇದಕ್ಕೆ ಪ್ರತಿ ತುದಿಗೆ ಎಂಟೊಂಬತ್ತು ರಿಂಗ್ ಬೇಕು. ಉದ್ದಕ್ಕೂ ಆರಿಂಚಿಗೊಂದರಂತೆ ಕಟ್ಟಿದರೆ ಅಲ್ಲಿ ಸಿಗೋದು ಐದು. ವ್ಯತ್ಯಾಸ ತೂಕದಲ್ಲಿ ಒಂದು ಬೀಮಿಗೆ ಮೂರ್ನಾಲ್ಕು ಕಿಲೋ ಕಬ್ಬಿಣ, ಅಷ್ಟೇ.

ಪಿಲ್ಲರ್‌ಗೆ ನಿಯಮ ಇನ್ನೂ ಬಿಗಿ. 300 ಎಂಎಂ ಚೌಕದ, 12 ಎಂಎಂ ರಾಡಿನ ಪಿಲ್ಲರ್‌ನಲ್ಲಿ ಬೀಮಿನ ಮೇಲೂ ಕೆಳಗೂ ಕನಿಷ್ಠ 450 ಎಂಎಂ ಉದ್ದಕ್ಕೆ ಅಂತರ 72 ಎಂಎಂ ಮೀರುವಂತಿಲ್ಲ. ಅಂತರ ಸರಿ ಇದ್ದರೆ ಮುಗೀತು ಅಂತಲೂ ಅಲ್ಲ. ರಿಂಗ್‌ನ ದಪ್ಪಕ್ಕೂ ಸೂತ್ರವಿದೆ, ಇಂಥ ಪಿಲ್ಲರ್‌ಗೆ ಬರೀ ಒಂದು ಸುತ್ತು 8 ಎಂಎಂ ಸಾಲದೆ ಒಳಗೆ ಅಡ್ಡ ಕೊಂಡಿ ಬೇಕಾಗಬಹುದು. ಆ ಲೆಕ್ಕ ಎಂಜಿನಿಯರ್‌ದು, ಗೌಂಡಿಯ ಅಂದಾಜಿಗೆ ಬಿಡುವಂಥದ್ದಲ್ಲ.

ಸೈಟ್‌ನಲ್ಲಿ ಎಲ್ಲ ತಪ್ಪುವುದು ಬೀಮು ಪಿಲ್ಲರ್ ಒಂದಾಗುವ ಗಂಟಿನೊಳಗೆ. ಅಲ್ಲೂ ಪಿಲ್ಲರ್‌ನ ರಿಂಗ್ ಮುಂದುವರಿಯಬೇಕು. ಆದರೆ ನಾಲ್ಕೂ ದಿಕ್ಕಿನಿಂದ ಬೀಮಿನ ರಾಡು ಬಂದ ಮೇಲೆ ಮುಚ್ಚಿದ ರಿಂಗನ್ನು ಒಳಗೆ ತೂರಿಸಲು ಆಗಲ್ಲ. ಅದಕ್ಕೆ ಬೀಮಿನ ಪಂಜರವನ್ನು ಸೆಂಟ್ರಿಂಗ್ ಮೇಲೆ ಎತ್ತರದಲ್ಲೇ ಕಟ್ಟಿ, ಗಂಟಿನ ರಿಂಗ್‌ಗಳನ್ನೂ ಅಲ್ಲೇ ಜೋಡಿಸಿ, ಒಟ್ಟಿಗೆ ಕೆಳಗಿಳಿಸಬೇಕು. ಉದ್ದದ ಬೀಮಿದ್ದರೆ ಭಾರ, ಜನ ಬೇಕು, ಅರ್ಧ ದಿನ ಹೆಚ್ಚು ಹಿಡಿಯುತ್ತೆ. ರಾಡ್ ಕಟ್ಟುವವರಿಗೆ ಕೂಲಿ ಟನ್ ಲೆಕ್ಕದಲ್ಲಿ ಸಿಗುವಾಗ ಕೈತುಂಬ ಕೆಲಸವಿರುವ, ತೂಕವಿಲ್ಲದ ಈ ರಿಂಗನ್ನು ಅವರು ಕೈಬಿಟ್ಟರೆ ಬೈಯುವುದು ಅವರನ್ನಲ್ಲ, ಆ ಲೆಕ್ಕವನ್ನು.

ಇನ್ನೊಂದು ಕೊಕ್ಕೆ. ರಿಂಗ್‌ನ ಎರಡೂ ತುದಿ 135 ಡಿಗ್ರಿ ಮಡಚಿ ತಿರುಳಿನೊಳಗೆ ಕನಿಷ್ಠ 65 ಎಂಎಂ ಚಾಚಿರಬೇಕು. ಮಡಚಲು ಸುಲಭ ಅಂತ 90 ಡಿಗ್ರಿಯಲ್ಲೇ ನಿಲ್ಲಿಸಿದರೆ ಆ ತುದಿ ಉಳಿಯೋದು ಕವರ್‌ನಲ್ಲಿ. ಕವರ್ ಉದುರಿದ ಕೂಡಲೇ ರಿಂಗ್ ಬಾಯಿ ಬಿಡುತ್ತದೆ. ಚೀಲದ ಹೊಲಿಗೆಯೇ ಬಿಚ್ಚಿದಂತೆ.

ಈಗ ರಾಜಕೀಯದ ಮಾತು. ಇದೇ ಸಂಹಿತೆ ಭೂಕಂಪ ವಲಯ 3, 4, 5ರಲ್ಲಿ ಕಡ್ಡಾಯ. 2016ರ ಐಎಸ್ 1893 ನಕ್ಷೆಯಲ್ಲಿ ಕಲಬುರಗಿ ಇದ್ದದ್ದು ವಲಯ 2ರಲ್ಲಿ. ಅಲ್ಲಿ 13920 ಐಚ್ಛಿಕ. ಕಿಲ್ಲಾರಿ ಕೂಡ 1993ರಲ್ಲಿ ನಕ್ಷೆಯ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು, ಸಾವಾದ ಮೇಲೆ ನಕ್ಷೆ ಬದಲಾಯಿತು. ಖಾಸಗಿ ಮನೆಗೆ ಇದನ್ನು ಹೇರುವುದು ಕಷ್ಟ ಅಂತ ಒಪ್ಪೋಣ. ಆದರೆ 371ಜೆ ಹೆಸರಲ್ಲಿ ಬರುವ ಕೆಕೆಆರ್‌ಡಿಬಿ ಹಣದಲ್ಲಿ ಕಟ್ಟುವ ಶಾಲೆಗಳಿಗೆ ಟೆಂಡರಿನಲ್ಲೇ ಇದನ್ನು ಕಡ್ಡಾಯ ಮಾಡಲು ಯಾರ ಅಡ್ಡಿಯೂ ಇಲ್ಲ. ಐಎಸ್ 1893 ಶಾಲೆಯನ್ನು ಸಾಮಾನ್ಯ ಮನೆಗಿಂತ ಒಂದೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡಿ ಅನ್ನುತ್ತದೆ. ಬಲದ ಲೆಕ್ಕ ಹಾಕಿ ರಿಂಗ್ ಬಿಟ್ಟರೆ ಬಂದ ಭಾಗ್ಯವೇನು?

ಇದನ್ನು ನೋಡಿ ತಿಳಿಯಲು ಎಂಜಿನಿಯರಿಂಗ್ ಡಿಗ್ರಿ ಬೇಡ, ಟೇಪು ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆ ದಾಖಲೆ ಕೇಳುವ ಹಕ್ಕಷ್ಟೇ ಅಲ್ಲ, ಸರ್ಕಾರಿ ಕಾಮಗಾರಿಯನ್ನು ಪರಿಶೀಲಿಸುವ ಹಕ್ಕನ್ನೂ ಕೊಟ್ಟಿದೆ. ರಾಡ್ ಕಟ್ಟಿದ ಡ್ರಾಯಿಂಗ್ ಮೊದಲೇ ಕೇಳಿ ಪಡೆಯಿರಿ. ಸೆಂಟ್ರಿಂಗ್ ಮೇಲೆ ಕಬ್ಬಿಣ ಕೂತ ದಿನ, ಕಾಂಕ್ರೀಟ್ ಸುರಿಯುವ ಮುನ್ನ, ಗಂಟಿನ ಒಳಗೆ ಬಗ್ಗಿ ನೋಡಿ ರಿಂಗ್ ಎಣಿಸಿ, ಕೊಕ್ಕೆ ಯಾವ ಕಡೆ ಮಡಚಿದೆ ಅಂತ ಫೋಟೋ ತೆಗೆಯಿರಿ. ಕಾಂಕ್ರೀಟ್ ಬಿದ್ದ ಮೇಲೆ ಸ್ಕ್ಯಾನರ್ ಇಟ್ಟು ಅಂತರವನ್ನು ಒಂದು ಮಟ್ಟಿಗೆ ಅಳೆಯಬಹುದು. ಗಂಟಿನೊಳಗಿನ ಕಿಕ್ಕಿರಿದ ರಾಡುಗಳ ನಡುವೆ ಅದೂ ತೊಡಕು, ಕೊಕ್ಕೆ 90ಕ್ಕೆ ಮಡಚಿದೆಯೋ 135ಕ್ಕೋ ಅನ್ನುವುದನ್ನು ಅದು ಹೇಳಲಾರದು.