ಬೆರಳಿಟ್ಟು ತೋರಿಸುವ ಮಾತು

ನನ್ನ ಚಿಕ್ಕಪ್ಪನ ಮಗಳ ಆರತಕ್ಷತೆಗೆ ಇನ್ನು ಮೂರು ವಾರವಿತ್ತು. ಟ್ರಯಲ್ ಮೇಕಪ್ ಮಾಡಿಸಿಕೊಂಡು, ಹೊಸ ಬ್ಲೌಸ್ ತೊಟ್ಟು, ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಕೆಳಗೆ ಬರೆದದ್ದು ಇಷ್ಟೇ: ‘ಹೇಗಿದೆ? ನಿಜ ಹೇಳಿ.’

ಸಂಜೆಯೊಳಗೆ ಉತ್ತರಗಳು ಬಂದವು. ‘ಸೂಪರ್’, ‘ಮಹಾಲಕ್ಷ್ಮಿ ಥರ ಇದ್ದೀಯ’ ಅಂದವರೇ ಹೆಚ್ಚು. ಒಬ್ಬರು ‘ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿಸ್ಕೋ’ ಅಂದರು. ಮತ್ತೊಬ್ಬರು ‘ದಪ್ಪ ಆಗಿದ್ದೀಯಲ್ಲೇ’ ಅಂದರು. ಅಕ್ಕ ‘ಎಡಗಡೆ ಭುಜ ಜಾರ್ತಿದೆ’ ಎಂದು ಬರೆದಳು. ಸೋದರತ್ತೆಯದು ಒಂದೇ ಸಾಲು: ‘ಯಾಕೋ ಕಾಯಿಲೆ ಬಿದ್ದು ಎದ್ದವಳ ಹಾಗೆ ಕಾಣ್ತೀಯ.’ ಹುಡುಗಿ ಫೋನ್ ಮಗುಚಿಟ್ಟು ಮಲಗಿಬಿಟ್ಟಳು.

ಕನ್ನಡಿ ಇರುವಾಗ ಇನ್ನೊಬ್ಬರನ್ನು ಕೇಳುವುದೇಕೆ? ಕನ್ನಡಿಯಲ್ಲಿ ನಾವು ನೋಡುವುದು ಎಡಬಲ ತಿರುವಿದ ಮುಖ. ಅದೇ ನಮಗೆ ಅಭ್ಯಾಸ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮಹಿಳೆಯರಿಗೆ ಅವರದೇ ಫೋಟೊವನ್ನು ಎರಡು ರೀತಿಯಲ್ಲಿ ತೋರಿಸಿದ್ದರು. ಹೆಚ್ಚಿನವರು ಕನ್ನಡಿಯ ರೂಪವನ್ನೇ ಮೆಚ್ಚಿದರೆ, ಅವರ ಗೆಳತಿಯರು ಮೆಚ್ಚಿದ್ದು ಎದುರಿನಿಂದ ಕಾಣುವ ರೂಪವನ್ನು. ಜನ ನೋಡುವ ನಮ್ಮ ಮುಖಕ್ಕೆ ನಾವೇ ಅಷ್ಟು ಪರಿಚಿತರಲ್ಲ.

ಆದರೆ ‘ಹೇಗಿದೆ?’ ಎಂದು ಕೇಳಿದರೆ ಬರುವುದು ಪ್ರೀತಿ ಅಥವಾ ಚುಚ್ಚು, ಮಾಹಿತಿಯಲ್ಲ. ಮರುದಿನ ಇಬ್ಬರೂ ಕೂತು ಆ ಉತ್ತರಗಳನ್ನು ಅಕ್ಕಿ ಆರಿಸುವ ಹಾಗೆ ಆರಿಸಿದೆವು. ಒಂದೊಂದು ಮಾತಿಗೂ ಎರಡು ಪ್ರಶ್ನೆ: ಇದನ್ನು ಬೆರಳಿಟ್ಟು ತೋರಿಸಬಹುದೇ? ಮೂರು ವಾರದಲ್ಲಿ ತಿದ್ದಬಹುದೇ?

ಅಕ್ಕನ ಮಾತು ಎರಡರಲ್ಲೂ ಪಾಸಾಯಿತು. ದರ್ಜಿ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿದ್ದರು, ಭುಜ ಬಿಚ್ಚಿ ಹಿಡಿದು ಹೊಲಿದರೆ ಸಾಕಿತ್ತು. ಅದೇ ಕುತ್ತಿಗೆಯನ್ನು ಹೆಚ್ಚು ಆಳ ಕತ್ತರಿಸಿದ್ದರೆ ಮತ್ತೆ ಬಟ್ಟೆ ಬೆಳೆಯುವುದಿಲ್ಲ. ಹಾಗಾಗಿ ಕೇಳುವುದಿದ್ದರೆ ಕತ್ತರಿ ಹಾಕುವ ಮೊದಲೇ ಕೇಳಬೇಕು. ಕೂದಲಿಗೂ ಇದೇ ಲೆಕ್ಕ. ಗುಂಗುರು ಕೂದಲು ಒದ್ದೆಯಿದ್ದಾಗ ಉದ್ದ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೆ ಸರಿಯುತ್ತದೆ.

‘ದಪ್ಪ’ ಎಂಬುದನ್ನು ಪಕ್ಕಕ್ಕೆ ತಳ್ಳಿದೆವು. ಅದು ಬ್ಲೌಸಿನ ಬಗ್ಗೆಯೂ ಅಲ್ಲ, ಮೇಕಪ್ಪಿನ ಬಗ್ಗೆಯೂ ಅಲ್ಲ, ಅವಳ ಮೈಯ ಬಗ್ಗೆ. ಕೇಳಿದ್ದೂ ಅದನ್ನಲ್ಲ.

ಕಷ್ಟವಾದದ್ದು ಅತ್ತೆಯ ಮಾತು. ಕೇಳಲು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಆದರೂ ಫೋನ್ ಮಾಡಿ, ‘ಅತ್ತೆ, ಎಲ್ಲಿ ನೋಡಿದ್ರೆ ಹಾಗನ್ಸುತ್ತೆ?’ ಎಂದು ಕೇಳಿಸಿದೆ. ಅತ್ತೆ ಯೋಚಿಸಿ ಹೇಳಿದರು: ‘ಮುಖ ಬೂದಿ ಬಳಿದ ಹಾಗಿದೆ ಕಣಮ್ಮ, ಕತ್ತು ಮಾತ್ರ ನಿನ್ನದೇ ಬಣ್ಣ.’ ಕಾರಣ ಸಿಕ್ಕಿತು. ಅವಳ ಬಣ್ಣಕ್ಕಿಂತ ತಿಳಿಯಾದ ಫೌಂಡೇಶನ್ ಹಚ್ಚಿದ್ದರು. ಅಂಥದ್ದು ಎಣ್ಣೆಗಪ್ಪು ಮೈಬಣ್ಣದ ಮೇಲೆ ಬೂದುಬೂದಾಗಿ ಕಾಣುತ್ತದೆ. ‘ಬೆಳ್ಳಗೆ ಮಾಡಿಸ್ಕೋ’ ಎಂದವರ ಮಾತು ಕೇಳಿದ್ದರೆ ಅದೇ ತಪ್ಪು ಇನ್ನಷ್ಟು ಬಲಿಯುತ್ತಿತ್ತು.

ಬ್ಯೂಟಿಷಿಯನ್ ಬಳಿ ಹೋದಾಗಲೂ ‘ಚೆನ್ನಾಗಿ ಬಂದಿಲ್ಲ’ ಎನ್ನದೆ, ‘ಕತ್ತಿನ ಬಣ್ಣಕ್ಕೆ ಹೊಂದಬೇಕು’ ಎಂದಳು. ಅವರು ಮೂರು ಶೇಡ್‌ಗಳನ್ನು ದವಡೆಯಿಂದ ಕತ್ತಿನವರೆಗೆ ಗೀಟು ಎಳೆದು, ಬಾಗಿಲ ಬಳಿ ಹಗಲ ಬೆಳಕಿಗೆ ನಿಲ್ಲಿಸಿದರು. ಹತ್ತು ಹದಿನೈದು ನಿಮಿಷ ಕಾಯಿಸಿದರು, ಏಕೆಂದರೆ ಕೆಲವು ಫೌಂಡೇಶನ್‌ಗಳು ಹಚ್ಚಿದ ಮೇಲೆ ತುಸು ಕಪ್ಪಾಗುತ್ತವೆ. ಚರ್ಮದಲ್ಲಿ ಕರಗಿ ಕಾಣದಾದ ಗೀಟೇ ಸರಿಯಾದ ಬಣ್ಣ. ಆಮೇಲೆ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದರು. ಬಿಸಿಲು ತಡೆಯುವ ಅಂಶ ಬೆರೆಸಿದ ಕೆಲವು ಕ್ರೀಮ್‌ಗಳು ಕಣ್ಣಿಗೆ ಸರಿಯಾಗಿ ಕಂಡರೂ ಫ್ಲ್ಯಾಶ್‌ನಲ್ಲಿ ಬೆಳ್ಳಗೆ ಹೊಳೆಯುತ್ತವೆ.

ಬ್ಯೂಟಿಷಿಯನ್ ಮಾತಿಗೂ ಒಂದು ಮಿತಿಯಿದೆ. ಮಾತಿನ ಜೊತೆಗೇ ಹೊಸ ಪ್ಯಾಕೇಜೂ ಬಂದರೆ, ‘ಇದನ್ನು ಮಾಡಿಸದಿದ್ದರೆ ಏನು ವ್ಯತ್ಯಾಸ ಕಾಣುತ್ತೆ, ತೋರಿಸಿ’ ಎನ್ನಿ. ತೋರಿಸಲು ಆಗದಿದ್ದರೆ ಅದು ವ್ಯಾಪಾರದ ಮಾತು.

ಇನ್ನು, ಇನ್ನೊಬ್ಬರು ನಿಮ್ಮನ್ನು ಕೇಳಿದಾಗ: ಆರತಕ್ಷತೆಯ ವೇದಿಕೆಯ ಮೇಲೆ ಹೇಳಬಹುದಾದದ್ದು ಕಾಡಿಗೆ ಹರಡಿದೆ, ಸೆರಗಿನ ಪಿನ್ ಬಿಚ್ಚಿದೆ ಎಂಬಷ್ಟೇ. ಅರ್ಧ ನಿಮಿಷದಲ್ಲಿ ಸರಿಪಡಿಸಲಾಗದ ಯಾವುದನ್ನೂ ಆ ದಿನ ದಯವಿಟ್ಟು ಹೇಳಬೇಡಿ.