ಏಜೆನ್ಸಿ ಮುಗಿಯಿತು, ಗೋಡೌನ್‌ನ ಮಾಲು ಯಾರದು?

ಡಿಸ್ಟ್ರಿಬ್ಯೂಟರ್‌ಶಿಪ್ ರದ್ದು ಮಾಡುವ ನೋಟಿಸ್ ಸಾಮಾನ್ಯವಾಗಿ ಒಂದೇ ಪುಟದ್ದು. ಒಪ್ಪಂದದ ಇಂಥ ಕಲಮಿನಂತೆ 30 ದಿನಕ್ಕೆ ನಿಮ್ಮ ಏಜೆನ್ಸಿ ಕೊನೆಗೊಳ್ಳುತ್ತದೆ, ಲೆಕ್ಕ ಚುಕ್ತಾ ಮಾಡಿಕೊಳ್ಳಿ ಎಂದಿರುತ್ತದೆ. ಹತ್ತಾರು ವರ್ಷ ದುಡಿದವರಿಗೆ ಮೊದಲು ಬರುವುದು 'ನನ್ನನ್ನೇಕೆ ತೆಗೆದರು' ಎಂಬ ಸಿಟ್ಟು. ಆದರೆ ಆ ಜಗಳದಿಂದ ಕೈಗೆ ಬರುವುದು ಕಡಿಮೆ. ಇಂಡಿಯನ್ ಆಯಿಲ್ ಮತ್ತು ಅಮೃತಸರದ ಗ್ಯಾಸ್ ವಿತರಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1990ರಷ್ಟು ಹಿಂದೆಯೇ ಈ ಮಾತು ಹೇಳಿದೆ: 30 ದಿನದ ನೋಟಿಸಿನಿಂದ ಮುಗಿಸಬಹುದಾದ ಒಪ್ಪಂದವನ್ನು ತಪ್ಪಾಗಿ ರದ್ದು ಮಾಡಿದ್ದರೂ ಸಿಗುವ ಪರಿಹಾರ ಆ 30 ದಿನದ ಗಳಿಕೆಯಷ್ಟೇ, ಏಜೆನ್ಸಿ ವಾಪಸ್ ಬರುವುದಿಲ್ಲ. ಹೋರಾಡಬೇಕಾದದ್ದು ಲೆಕ್ಕಕ್ಕಾಗಿ.

ಆ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಮಾಲಿನ ವಿಷಯದಲ್ಲಿ. ಮಾರಾಟವಾಗದೆ ಉಳಿದದ್ದನ್ನು ಕಂಪನಿ ತೆಗೆದುಕೊಂಡು ಹೋಗಲೇಬೇಕು ಎಂದು ನಂಬಿರುತ್ತಾರೆ. ಬಿಲ್ ಆಗಿ ನಿಮ್ಮ ಗೋಡೌನ್ ಸೇರಿದ ಮಾಲು ನಿಮ್ಮದೇ ಸ್ವತ್ತು. ವಾಪಸ್ ಪಡೆಯುತ್ತೇವೆ ಎಂದು ಒಪ್ಪಂದದಲ್ಲೋ ಪತ್ರದಲ್ಲೋ ಇಲ್ಲದಿದ್ದರೆ ಕಂಪನಿಯನ್ನು ಕಟ್ಟಿಹಾಕುವುದು ಕಷ್ಟ. ಕಂಪನಿಯ ಮಾಲನ್ನು ಇಟ್ಟುಕೊಂಡು ಮಾರಿಕೊಡುವ ಕನ್‌ಸೈನ್‌ಮೆಂಟ್ ಏಜೆಂಟರ ಸ್ಥಿತಿ ಬೇರೆ. ಅಲ್ಲಿ ಮಾಲು ಕೊನೆಯತನಕ ಕಂಪನಿಯದೇ. ಆದ್ದರಿಂದ ನೋಟಿಸ್ ಬಂದ ದಿನವೇ ಒಪ್ಪಂದ ತೆಗೆದು ಈ ಕಲಮನ್ನು ಹುಡುಕಬೇಕು.

ಹಾಸನದಲ್ಲಿ ಮಸಾಲೆ ಪುಡಿಯ ವಿತರಕರೊಬ್ಬರು ಇದ್ದಾರೆಂದು ಇಟ್ಟುಕೊಳ್ಳೋಣ. ಎಕ್ಸ್‌ಪೈರಿಗೆ 60 ದಿನಕ್ಕಿಂತ ಹೆಚ್ಚು ಉಳಿದಿರುವ ಮಾಲನ್ನು ಬಿಲ್ ದರದಲ್ಲಿ, ಸ್ಕೀಮ್ ಕಳೆದು ವಾಪಸ್ ಪಡೆಯುವುದಾಗಿ ಅವರ ಒಪ್ಪಂದ ಹೇಳುತ್ತದೆ. ಗೋಡೌನ್‌ನಲ್ಲಿ ಅಂಥ ಮಾಲು 5 ಲಕ್ಷ ರೂಪಾಯಿಯದು. 'ಹತ್ತಕ್ಕೊಂದು ಫ್ರೀ' ಸ್ಕೀಮಿನಲ್ಲಿ ಬಂದದ್ದಕ್ಕೆ 25 ಸಾವಿರ ಕಳೆದರೆ 4,75,000. ಕಟ್ಟಿದ್ದ ಡೆಪಾಸಿಟ್ 2 ಲಕ್ಷ. ಬರಬೇಕಾದ ಕಮಿಷನ್ ಮತ್ತು ಸ್ಕೀಮ್ ಕ್ಲೇಮು 1,85,000. ಎಲ್ಲ ಸೇರಿ 8,60,000. ಕಂಪನಿಗೆ ಕೊಡಬೇಕಾದ ಬಿಲ್ ಬಾಕಿ 3,20,000 ಕಳೆದರೆ ವಿತರಕರಿಗೆ ಬರಬೇಕಾದದ್ದು 5,40,000. ಕಂಪನಿಯ ಮೊದಲ ಲೆಕ್ಕಪತ್ರ ಮಾತ್ರ 3,55,000 ತೋರಿಸುತ್ತದೆ, ಯಾಕೆಂದರೆ 'ಕ್ಲೇಮುಗಳಿಗೆ ಇನ್ನೂ ಮಂಜೂರಾತಿ ಸಿಕ್ಕಿಲ್ಲ'.

ಇದು ತೀರಾ ಸಾಮಾನ್ಯವಾದ ನಡೆ, ಅಷ್ಟೇ ಅನ್ಯಾಯದ್ದು. ರದ್ದತಿಯ ದಿನಕ್ಕೆ ಮುಂಚಿನ ಮಾರಾಟದ ಮೇಲೆ ಗಳಿಸಿದ ಕಮಿಷನ್ನು, ಒಪ್ಪಂದ ಬೇರೆ ಹೇಳದಿದ್ದರೆ, ಏಜೆನ್ಸಿ ಮುಗಿದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ತೊಂದರೆಯಿರುವುದು ದಾಖಲೆಯಲ್ಲಿ. ಸೇಲ್ಸ್ ಆಫೀಸರ್ ಫೋನಿನಲ್ಲಿ 'ಕೊಟ್ಟುಬಿಡಿ ಸಾರ್, ನಾನು ಪಾಸ್ ಮಾಡಿಸ್ತೀನಿ' ಎಂದ ಸ್ಕೀಮಿಗೆ ಕಾಗದವೇ ಇರುವುದಿಲ್ಲ. ನೋಟಿಸ್ ಬರುವ ಹೊತ್ತಿಗೆ ಆತ ಬೇರೆ ಕಂಪನಿಗೆ ಹೋಗಿರುತ್ತಾನೆ. ಆದ್ದರಿಂದ ತಿಂಗಳುವಾರು ಪಟ್ಟಿ ಮಾಡಿ, ಸ್ಕೀಮ್ ಸುತ್ತೋಲೆ, ಅಂಗಡಿಗಳ ಬಿಲ್ಲು, ವಾಟ್ಸಾಪ್ ಸಂದೇಶ ಎಲ್ಲವನ್ನೂ ಜೋಡಿಸಿ, ನೋಟಿಸ್ ಅವಧಿಯೊಳಗೇ ಉತ್ತರ ಕೊಡಬೇಕು: 'ನಿಮ್ಮ ಪತ್ರ ತಲುಪಿದೆ. ಅದರಲ್ಲಿನ ಬಾಕಿಯನ್ನು ನಾನು ಒಪ್ಪಿಲ್ಲ. ನನ್ನ ಲೆಕ್ಕ ಲಗತ್ತಿಸಿದ್ದೇನೆ. ಜಂಟಿಯಾಗಿ ಸ್ಟಾಕ್ ಎಣಿಸಲು ದಿನ ಗೊತ್ತುಮಾಡಿ.' ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ಹಳೆಯ ತಿಂಗಳ ಕಮಿಷನ್ನಿಗೆ ಅದು ಮೊದಲೇ ಶುರುವಾಗಿರುತ್ತದೆ. ಆ ಗಡುವಿನೊಳಗೆ ಕಂಪನಿ ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ ಗಡುವು ಅಲ್ಲಿಂದ ಹೊಸದಾಗಿ ಎಣಿಕೆಯಾಗುತ್ತದೆ.

ಸ್ಟಾಕ್ ಎಣಿಸುವಾಗ ಬರೀ ಕಾರ್ಟನ್ ಲೆಕ್ಕ ಸಾಲದು. ಬ್ಯಾಚ್ ನಂಬರು, ಎಕ್ಸ್‌ಪೈರಿ ದಿನ, ಬಿಡಿ ಪ್ಯಾಕೆಟ್ಟು, ಡ್ಯಾಮೇಜ್ ಎಲ್ಲ ಬರೆದು ಇಬ್ಬರೂ ಸಹಿ ಹಾಕಬೇಕು. ಕಂಪನಿಯವರು ಎಣಿಸಲು ಎರಡು ವಾರ ತಡ ಮಾಡಿದರೆ ಇನ್ನೂ 70 ದಿನ ಉಳಿದಿದ್ದ ಮಾಲು 56 ದಿನಕ್ಕೆ ಇಳಿದು, 60ರ ಷರತ್ತಿನಿಂದ ಹೊರಬೀಳುತ್ತದೆ. ಎಣಿಕೆ ಕೋರಿ ಕಳಿಸಿದ ದಿನದ ಇಮೇಲ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ತೆರಿಗೆಯದೂ ಒಂದು ತೊಡಕಿದೆ. ಮಾಲು ವಾಪಸ್ ಬಂದದ್ದಕ್ಕೆ ಕಂಪನಿ ಜಿಎಸ್‌ಟಿ ಇಳಿಸಿ ಕ್ರೆಡಿಟ್ ನೋಟ್ ಕೊಡಲು, ಮಾರಾಟವಾದ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವವರೆಗೆ, ಯಾವುದು ಮೊದಲೋ ಅಲ್ಲಿಯತನಕ ಮಾತ್ರ ಅವಕಾಶ. ಅದು ದಾಟಿದ್ದರೆ ನೋಂದಾಯಿತ ವಿತರಕರು ತಾವೇ ಬಿಲ್ ಮಾಡಿ, ಜಿಎಸ್‌ಟಿ ಹಾಕಿ ಕಂಪನಿಗೆ ಮಾಲು ಮರಳಿಸಬಹುದು. ಯಾವ ದಾರಿ ಎಂಬುದನ್ನು ಲಾರಿ ಹತ್ತಿಸುವ ಮೊದಲೇ ಲಿಖಿತವಾಗಿ ಪಡೆದುಕೊಳ್ಳುವುದು ಕ್ಷೇಮ.

'ನೋ ಡ್ಯೂಸ್' ಕಾಗದಕ್ಕೆ ಸಹಿ ಕೇಳುವುದು ಬಹುತೇಕ ಹಣ ಬರುವ ಮುಂಚೆಯೇ. ಹಣ ಖಾತೆಗೆ ಬಿದ್ದ ಮೇಲೆ ಸಹಿ ಮಾಡುತ್ತೇನೆಂದು ಹೇಳಿ. ಸೆಕ್ಯೂರಿಟಿಗೆಂದು ಕೊಟ್ಟ ಖಾಲಿ ಚೆಕ್ಕುಗಳನ್ನು ಅವುಗಳ ನಂಬರ್ ಸಮೇತ ಅದೇ ಉತ್ತರದಲ್ಲಿ ವಾಪಸ್ ಕೇಳಿ.